ಮೈದಾನ ಎಲ್ಲರದ್ದೂ ಹೌದು, ಸಂಜೆ ಐದೂವರೆಗೆ ಮಾತ್ರ ಹುಡುಗರದ್ದು: ಯಾಕೆ ಹೀಗೆ?

2025ರಲ್ಲಿ ಹೆಣ್ಣುಮಕ್ಕಳು ಈ ದೇಶಕ್ಕೆ ವಿಶ್ವಕಪ್‌ಗಳನ್ನು ತಂದುಕೊಟ್ಟರು. ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ನವೆಂಬರ್ 2ರಂದು ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಏಕದಿನ ಕ್ರಿಕೆಟ್ ವಿಶ್ವಕಪ್ ಗೆದ್ದರು. ಖೋ-ಖೋ ತಂಡದಲ್ಲಿ ಆಡಿದ ಚೈತ್ರಾ ನಮ್ಮದೇ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕು ಕುರುಬೂರಿನವರು. ವಾಟ್ಸಾಪ್ ಸ್ಟೇಟಸ್ ತುಂಬಿತು, ಸರ್ಕಲ್‌ನಲ್ಲಿ ಫ್ಲೆಕ್ಸ್ ಬಿತ್ತು, ಬೇಕರಿ ಮುಂದೆ ಎರಡು ದಿನ ಅದೇ ಮಾತು.

ಫ್ಲೆಕ್ಸ್ ಇಳಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿದಿದೆ. ಯಾವುದೇ ತಾಲ್ಲೂಕು ಕೇಂದ್ರದ ದೊಡ್ಡ ಮೈದಾನಕ್ಕೆ, ಅದು ಜೂನಿಯರ್ ಕಾಲೇಜು ಮೈದಾನವೋ ತಾಲ್ಲೂಕು ಕ್ರೀಡಾಂಗಣವೋ ಇರಲಿ, ಮಾಮೂಲಿ ವಾರದ ದಿನ ಸಂಜೆ ಐದೂವರೆಗೆ ಹೋಗಿ ನೋಡಿ. ಮೂರ್ನಾಲ್ಕು ಕಡೆ ಕ್ರಿಕೆಟ್, ಒಂದು ಮೂಲೇಲಿ ವಾಲಿಬಾಲ್, ಗೇಟ್ ಹತ್ತಿರ ಸಾಲಾಗಿ ನಿಂತ ಬೈಕು. ಅಂಚಿನಲ್ಲಿ ವಾಕಿಂಗ್ ಮಾಡುವ ಹೆಂಗಸರು ಸಿಗಬಹುದು, ಟ್ಯೂಷನ್‌ಗೆ ಅಡ್ಡದಾರಿಯಲ್ಲಿ ಹೋಗುವ ಹುಡುಗಿಯರೂ ಸಿಗಬಹುದು. ಆಡುತ್ತಿರುವ ಹುಡುಗಿ ಸಿಗುವುದು ಅಪರೂಪ.

"ಯಾರೂ ಬರಬೇಡಿ ಅಂದಿಲ್ವಲ್ಲ" ಅನ್ನೋದು ಎಲ್ಲ ಊರಲ್ಲೂ ಕೇಳಿಬರುವ ಉತ್ತರ. ಅದು ಸುಳ್ಳೂ ಅಲ್ಲ. ಗೇಟಿನ ಮೇಲೆ ಹುಡುಗಿಯರಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ಇಲ್ಲ, ತಡೆಯೋರೂ ಇಲ್ಲ. ಹಾಗಿದ್ದರೂ ಮೈದಾನ ಒಂದೇ ಕಡೆಯವರ ಪಾಲಾಗುತ್ತದೆ. ಯಾರನ್ನೂ ಬೈಯುವ ಮೊದಲು ಅದು ಹೇಗಾಗುತ್ತದೆ ಅಂತ ಗುಂಟೆ, ಗಂಟೆ, ಗೇಟು ಈ ಮೂರು ಲೆಕ್ಕದಲ್ಲಿ ನೋಡಬಹುದು.

ಗುಂಟೆ ಲೆಕ್ಕ: ಒಂದು ಮ್ಯಾಚ್‌ಗೆ ಎರಡು ಎಕರೆ

ಸಂಜೆ ಆಡುವ ಟೆನಿಸ್ ಬಾಲ್ ಕ್ರಿಕೆಟ್‌ನ ಬೌಂಡರಿ ಪಿಚ್‌ನಿಂದ ಸುತ್ತಲೂ 50 ಮೀಟರ್ ಅಂದುಕೊಳ್ಳಿ. ಆ ಸುತ್ತಿನೊಳಗಿನ ಜಾಗ ಸುಮಾರು 7,850 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 77 ಗುಂಟೆ, ಹತ್ತಿರ ಹತ್ತಿರ ಎರಡು ಎಕರೆ. ಅಷ್ಟು ಜಾಗದೊಳಗೆ ಒಂದು ಹೊತ್ತಿಗೆ ಆಡುತ್ತಿರುವವರು ಹದಿಮೂರು ಜನ: ಫೀಲ್ಡಿಂಗ್ ಮಾಡುವ ಹನ್ನೊಂದು, ಬ್ಯಾಟಿಂಗ್ ಮಾಡುವ ಇಬ್ಬರು.

ಈಗ ನಮ್ಮ ಶಾಲೆಗಳ ಹುಡುಗಿಯರು ಆಡುವ ಆಟಗಳನ್ನು ನೋಡಿ. ಮಹಿಳಾ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಅಂದರೆ ಒಂದು ಗುಂಟೆಗೂ ಕಡಿಮೆ. ಬಡಾವಣೆಯ ಒಂದು 30-40 ಸೈಟಿನೊಳಗೆ ಅದು ಕೂರುತ್ತದೆ. ಥ್ರೋಬಾಲ್ ಅಂಕಣ 18.3 ಮೀಟರ್‌ಗೆ 12.2 ಮೀಟರ್, ಸರಿಯಾಗಿ ಒಂದು 40-60 ಸೈಟು. ಖೋ-ಖೋ ಅಂಕಣ 27 ಮೀಟರ್‌ಗೆ 16 ಮೀಟರ್. ಸುತ್ತ ಓಡಲು ಒಂದೂವರೆ ಮೀಟರ್ ಬಿಟ್ಟರೂ ಆರು ಗುಂಟೆ ದಾಟುವುದಿಲ್ಲ. ಅದರಲ್ಲಿ ಒಂದು ಹೊತ್ತಿಗೆ ಹನ್ನೆರಡು ಜನ ಆಡುತ್ತಾರೆ: ಬೆನ್ನಟ್ಟುವ ತಂಡದ ಒಂಬತ್ತು, ಓಡುವ ತಂಡದ ಮೂವರು. ಕ್ರಿಕೆಟ್‌ನಲ್ಲಿ ಹದಿಮೂರು ಜನಕ್ಕೆ ಬೇಕಾಗುವ ಜಾಗದಲ್ಲಿ ಹತ್ತು ಖೋ-ಖೋ ಅಂಕಣ ಹಾಕಿದರೂ ನೂರಿಪ್ಪತ್ತು ಮಕ್ಕಳು ಆಡಬಹುದು.

ಕ್ರಿಕೆಟ್ ಕೆಟ್ಟ ಆಟ ಅಂತ ಇದರ ಅರ್ಥವಲ್ಲ. ಅದು ಜಾಗ ತಿನ್ನುವ ಆಟ, ಅಷ್ಟೇ. ಕಬಡ್ಡಿಗೆ ಗೆರೆ ಇದೆ, ಗೆರೆ ದಾಟಿದರೆ ಔಟು. ಕ್ರಿಕೆಟ್‌ನ ಚೆಂಡಿಗೆ ಗೆರೆ ಇಲ್ಲ, ಅದು ಎಲ್ಲಿಗೆ ಹೋಗಬಹುದೋ ಅಲ್ಲಿವರೆಗಿನ ಜಾಗವೆಲ್ಲ ಅದರದ್ದೇ. ನಾಲ್ಕು ಎಕರೆ ಮೈದಾನದಲ್ಲಿ ಎರಡು ಮ್ಯಾಚ್ ಶುರುವಾದರೆ ಲೆಕ್ಕಕ್ಕೆ ಮೈದಾನ ಮುಗಿಯಿತು. ನಿಜಕ್ಕೂ ನಡೆಯೋದು ಮೂರೋ ನಾಲ್ಕೋ ಮ್ಯಾಚು. ಒಂದು ತಂಡದ ಲಾಂಗ್ ಆನ್ ಫೀಲ್ಡರ್ ಇನ್ನೊಂದು ತಂಡದ ಪಾಯಿಂಟ್ ಪಕ್ಕ ನಿಂತಿರುತ್ತಾನೆ. ಆಡೋರೆಲ್ಲ ಅದೇ ಆಟದವರಾದ್ದರಿಂದ "ಬಾಲ್, ಬಾಲ್" ಅಂತ ಕೂಗಿದರೆ ತಲೆ ಬಗ್ಗಿಸುತ್ತಾರೆ, ಹೊಂದಿಕೊಂಡು ಹೋಗುತ್ತಾರೆ.

ಖೋ-ಖೋ ಆಡುವವರಿಗೆ ಆ ಹೊಂದಾಣಿಕೆ ಸಾಧ್ಯವಿಲ್ಲ. ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಹಿಂದಿನಿಂದ ಬರುವ ಚೆಂಡು ಅವರಿಗೆ ಕಾಣುವುದೇ ಇಲ್ಲ. ಬೆನ್ನಿಗೋ ತಲೆಗೋ ಒಂದು ಸಲ ಏಟು ಬಿದ್ದರೆ ಸಾಕು, ಮಾರನೇ ದಿನ ನಾಲ್ಕು ಜನ ಕಡಿಮೆ. ಖೋ-ಖೋಗೆ ಕನಿಷ್ಠ ಹನ್ನೆರಡು ಜನ ಬೇಕು. ನಾಲ್ಕು ಜನ ಕಡಿಮೆಯಾದರೆ ಆಟವೇ ಇಲ್ಲ. ಹೀಗೆ ಯಾರೂ ಓಡಿಸದೆ, ಜಗಳವೂ ಆಗದೆ, ಒಂದು ವಾರದಲ್ಲಿ ಒಂದು ಗುಂಪು ಕರಗಿಹೋಗುತ್ತದೆ. ನೋಡಿದವರು "ಹುಡುಗೀರಿಗೆ ಆಸಕ್ತಿ ಇಲ್ಲ" ಅಂದುಬಿಡುತ್ತಾರೆ.

ಗಂಟೆ ಲೆಕ್ಕ: ಬೇಗ ಬಂದವರಿಗೆ ಪಿಚ್

ಮೈದಾನಕ್ಕೆ ಬರೆದಿಟ್ಟ ನಿಯಮ ಇಲ್ಲದಿದ್ದಾಗ ಒಂದು ಬರೆಯದ ನಿಯಮ ನಡೆಯುತ್ತದೆ: ಮೊದಲು ಬಂದವರದ್ದು ಜಾಗ. ಕೇಳಲು ನ್ಯಾಯವಾಗಿಯೇ ಇದೆ. ಮೊದಲು ಬರಲು ಯಾರಿಗೆ ಆಗುತ್ತದೆ ಅನ್ನುವುದನ್ನು ನೋಡಿದಾಗ ನ್ಯಾಯ ಬೇರೆ ಥರ ಕಾಣುತ್ತದೆ.

ಹೈಸ್ಕೂಲ್ ಬಿಡುವುದು ನಾಲ್ಕೂವರೆ ಆಸುಪಾಸು. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಕತ್ತಲು ಕವಿಯಲು ಶುರು. ಜೂನ್‌ನಲ್ಲಿ ಏಳರ ಹತ್ತಿರದವರೆಗೂ ಬೆಳಕಿರುತ್ತದೆ, ಆದರೆ ಆಗ ಮಳೆ. ಅಂದರೆ ಆಟಕ್ಕೆ ಸಿಗುವುದು ಒಂದೂವರೆ ಗಂಟೆ. ಹುಡುಗ ಬ್ಯಾಗ್ ಎಸೆದು ಬ್ಯಾಟ್ ಹಿಡಿದು ಹೊರಟರೆ ಐದಕ್ಕೆ ಮೈದಾನದಲ್ಲಿರುತ್ತಾನೆ. ಅದೇ ಮನೆಯ ಹುಡುಗಿಗೆ ನೀರು ಹಿಡಿಯುವುದು, ಒಣಗಿದ ಬಟ್ಟೆ ತೆಗೆಯುವುದು, ಪಾತ್ರೆ, ತಮ್ಮನನ್ನು ನೋಡಿಕೊಳ್ಳುವುದು. ಅಮ್ಮ ಗಾರ್ಮೆಂಟ್ಸ್‌ಗೋ ಕೂಲಿಗೋ ಹೋಗುವ ಮನೆಯಾದರೆ ಸಂಜೆಯ ಅಡುಗೆಯ ಅರ್ಧ ಕೆಲಸವೂ ಅವಳದ್ದೇ. ಎಲ್ಲ ಮುಗಿಸಿ ಹೊರಡುವಾಗ ಐದೂಕಾಲೋ ಐದೂವರೆಯೋ. ಉಳಿದಿರುವುದು ಮುಕ್ಕಾಲು ಗಂಟೆಗಿಂತ ಕಡಿಮೆ. ಅಷ್ಟೊತ್ತಿಗೆ ಸ್ಟಂಪ್ ನೆಟ್ಟಾಗಿದೆ.

ಇದು ಒಂದೆರಡು ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 97 ನಿಮಿಷ. ಆರು ವರ್ಷದಿಂದ ಮೇಲ್ಪಟ್ಟ ಎಲ್ಲರನ್ನೂ ಸೇರಿಸಿದ ಲೆಕ್ಕ ಇದು. ಮೈದಾನದಲ್ಲಿ ಕಾಣುವ ಅಂತರ ಶುರುವಾಗುವುದು ಅಡುಗೆಮನೆಯಲ್ಲಿ.

ಇದಕ್ಕೆ ಸೇರಿಕೊಳ್ಳುವುದು ವಯಸ್ಸು. ಆರನೇ ಏಳನೇ ಕ್ಲಾಸ್‌ವರೆಗೆ ಹುಡುಗಿಯರು ಬೀದಿಯಲ್ಲಿ ಕುಂಟೆಬಿಲ್ಲೆ, ಮುಟ್ಟಾಟ, ಶಟಲ್ ಆಡುತ್ತಿರುತ್ತಾರೆ. ದೊಡ್ಡವಳಾದ ಮೇಲೆ "ಇನ್ನು ಸಾಕು" ಅನ್ನುವ ಮಾತು ಬರುತ್ತದೆ. ಹುಡುಗರ ಕಥೆ ಸರಿಯಾಗಿ ಉಲ್ಟಾ. ಅದೇ ವಯಸ್ಸಿಗೆ ಅವರನ್ನು ಓಣಿ ತಂಡದಿಂದ ಏರಿಯಾ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ, ಮೈದಾನ ದೊಡ್ಡದಾಗುತ್ತದೆ.

ಗೇಟು ಲೆಕ್ಕ: ದಾರಿಯಲ್ಲಿ ನಿಂತವರು

ಮೂರನೆಯದ್ದು ಮೈದಾನದ ಆಕಾರ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಸಾಕಷ್ಟು ದೊಡ್ಡದು. ಬಹಳಷ್ಟು ಕಡೆ ಕಾಂಪೌಂಡಿಗೆ ಬಳಕೆಯಲ್ಲಿರುವುದು ಒಂದೇ ಗೇಟು. ಆ ಗೇಟಿನ ಬಳಿ ಬೈಕ್ ಮೇಲೆ ಕೂತು ಮಾತಾಡುವ ಗುಂಪು. ಅವರು ಏನೂ ಮಾಡದೇ ಇರಬಹುದು, ಒಂದು ಮಾತೂ ಆಡದೇ ಇರಬಹುದು. ಆದರೂ ಹದಿನಾಲ್ಕರ ಹುಡುಗಿ ಒಳಗೆ ಹೋಗಬೇಕಾದರೆ ಅವರ ಮಧ್ಯೆಯೇ ದಾಟಬೇಕು, ವಾಪಸ್ ಬರುವಾಗಲೂ ದಾಟಬೇಕು. ವಾಕಿಂಗ್‌ಗೋ ಟ್ಯೂಷನ್‌ಗೋ ಹೋಗುವವಳಿಗೆ ಕೈಯಲ್ಲೊಂದು ಕಾರಣ ಇರುತ್ತದೆ. ಸುಮ್ಮನೆ ಓಡಾಡಿ ಕಿರುಚಿ ಆಡಲು ಬಂದವಳಿಗೆ ಆ ಕಾರಣ ಇರುವುದಿಲ್ಲ.

ಒಳಗೆ ಹೋದ ಮೇಲೆ ಶೌಚಾಲಯ ಇಲ್ಲ, ಇದ್ದರೂ ಬೀಗ. ಹುಡುಗರಿಗೆ ಕಾಂಪೌಂಡ್ ಗೋಡೆ ಸಾಕಾಗುತ್ತದೆ. ಹುಡುಗಿಯರಿಗೆ, ಅದರಲ್ಲೂ ಮುಟ್ಟಿನ ದಿನಗಳಲ್ಲಿ, ಬೀಗ ಹಾಕಿದ ಶೌಚಾಲಯ ಅಂದರೆ ಮುಚ್ಚಿದ ಮೈದಾನವೇ. ರಾತ್ರಿ ಕುಡಿದು ಒಡೆದ ಬಾಟಲಿ ಚೂರು ಮೂಲೆಗಳಲ್ಲಿ ಬಿದ್ದಿರುತ್ತದೆ. ಹುಡುಗಿಯರಿಗೆ ಉಳಿಯುವ ಜಾಗವೂ ಆ ಮೂಲೆಯೇ.

ಗೇಟಿನ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡ ಒಂದು ಊರಿದೆ, ಆಸ್ಟ್ರಿಯಾ ದೇಶದ ವಿಯೆನ್ನಾ. ಅಲ್ಲಿ 1990ರ ದಶಕದಲ್ಲಿ ನಗರ ಪಾಲಿಕೆಯ ಕಡೆಯಿಂದ ಪಾರ್ಕುಗಳ ಅಧ್ಯಯನ ನಡೆಯಿತು. ಸುಮಾರು ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದು ಜೋರಾಗಿ ಕಡಿಮೆಯಾಗುತ್ತದೆ, ಹುಡುಗರದ್ದು ಹಾಗಾಗುವುದಿಲ್ಲ ಅಂತ ಅದರಲ್ಲಿ ಕಂಡುಬಂತು. ಆಮೇಲೆ ಎರಡು ಪಾರ್ಕುಗಳನ್ನು ಬದಲಿಸಿ ನೋಡಿದರು. ಬೇಲಿಯೊಳಗಿನ ಆಟದ ಜಾಗಕ್ಕೆ ಒಂದೇ ಬಾಗಿಲ ಬದಲು ಅಗಲವಾದ ದಾರಿಗಳನ್ನು ಮಾಡಿದರು, ದೊಡ್ಡ ಜಾಗವನ್ನು ಸಣ್ಣ ಭಾಗಗಳಾಗಿ ಒಡೆದರು, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು, ದೀಪ ಮತ್ತು ಕಾಲುದಾರಿ ಸರಿಮಾಡಿದರು. ಹುಡುಗಿಯರ ಗುಂಪುಗಳು ವಾಪಸ್ ಬಂದವು. ಹುಡುಗರನ್ನು ಹೊರಗೆ ಹಾಕಲಿಲ್ಲ. ಜಾಗ ಒಡೆದಿದ್ದರಿಂದ ಒಂದೇ ಗುಂಪು ಎಲ್ಲವನ್ನೂ ಹಿಡಿದುಕೊಳ್ಳುವುದು ತಪ್ಪಿತು.

ವಿಯೆನ್ನಾ ಎಲ್ಲಿ, ನಮ್ಮ ಊರೆಲ್ಲಿ ಅನ್ನಬಹುದು. ದುಡ್ಡು, ಮನೆ, ಮಾತು ಎಲ್ಲ ಬೇರೆ. ಆದರೆ ಒಂದು ದೊಡ್ಡ ಜಾಗ, ಒಂದು ಬಾಗಿಲು, ಒಂದು ಆಟ ಸೇರಿದರೆ ಏನಾಗುತ್ತದೆ ಅನ್ನೋದು ಎರಡೂ ಕಡೆ ಒಂದೇ.

ಹುಡುಗಿಯರು ಆಡುವ ಎರಡು ತಿಂಗಳು

ಆಸಕ್ತಿ ಇಲ್ಲ ಅನ್ನುವವರು ಶಾಲಾ ಕ್ರೀಡಾಕೂಟದ ಸಮಯಕ್ಕೆ ಬಂದು ನೋಡಬೇಕು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಕೂಟಗಳು ಶುರುವಾದಾಗ ಅದೇ ಮೈದಾನ ಹುಡುಗಿಯರಿಂದ ತುಂಬಿರುತ್ತದೆ. ಖೋ-ಖೋ, ಕಬಡ್ಡಿ, ಥ್ರೋಬಾಲ್, ರಿಲೇ. ಗೆಲ್ಲಬೇಕು ಅಂತ ಗಂಟಲು ಹರಿಯುವಂತೆ ಕೂಗುತ್ತಾರೆ, ಸೋತರೆ ಅಳುತ್ತಾರೆ.

ಆ ದಿನಗಳಲ್ಲಿ ಬೇರೆ ಏನಿತ್ತು ಅಂತ ಪಟ್ಟಿ ಮಾಡಿದರೆ ಉತ್ತರ ಅರ್ಧ ಸಿಕ್ಕ ಹಾಗೆ. ಸುಣ್ಣದ ಗೆರೆ ಇತ್ತು, ಆದ್ದರಿಂದ ಜಾಗ ಯಾರದ್ದು ಅಂತ ಜಗಳ ಇರಲಿಲ್ಲ. ಪಿ.ಟಿ. ಮೇಷ್ಟ್ರೋ ಮೇಡಮ್ಮೋ ಇದ್ದರು, ಆದ್ದರಿಂದ ಮನೆಯವರು ಧೈರ್ಯವಾಗಿ ಕಳಿಸಿದರು. ಶಾಲೆಯ ಸಮಯದೊಳಗೇ ಅಭ್ಯಾಸ ಇತ್ತು, ಆದ್ದರಿಂದ ಮನೆಗೆಲಸದ ಜೊತೆ ಪೈಪೋಟಿ ಇರಲಿಲ್ಲ. ಜೊತೆಗೆ ಹತ್ತು ಹದಿನೈದು ಹುಡುಗಿಯರ ಗುಂಪಿತ್ತು, ಆದ್ದರಿಂದ ಗೇಟಿನ ಹತ್ತಿರ ಒಬ್ಬಳೇ ದಾಟಬೇಕಿರಲಿಲ್ಲ. ಕೂಟ ಮುಗಿದ ಮರುದಿನ ನಾಲ್ಕೂ ಇಲ್ಲ. ಪಿಯುಸಿಗೆ ಹೋದ ಮೇಲಂತೂ ಪಿ.ಟಿ. ಪೀರಿಯಡ್ಡೇ ಹೆಸರಿಗೆ ಮಾತ್ರ.

ಕುರುಬೂರಿನ ವಿಷಯ ಇಲ್ಲಿಗೆ ಹೊಂದುತ್ತದೆ. ಚೈತ್ರಾ ದೊಡ್ಡ ನಗರದ ಅಕಾಡೆಮಿಯಲ್ಲಿ ಶುರು ಮಾಡಿದವರಲ್ಲ, ಊರಿನ ಶಾಲೆಯಲ್ಲೇ ಖೋ-ಖೋ ಕಲಿತವರು. ಖೋ-ಖೋಗೆ ಬೇಕಾಗುವುದು ಎರಡು ಕಂಬ, ಗೆರೆ, ಹನ್ನೆರಡು ಜೊತೆಗಾರರು. ಇವು ಯಾವ ಹಳ್ಳಿಗೂ ದುಬಾರಿಯಲ್ಲ. ದುಬಾರಿ ಆಗಿರುವುದು ಇನ್ನೊಂದು: ಕೂಟ ಇರಲಿ ಬಿಡಲಿ, ವರ್ಷಪೂರ್ತಿ ದಿನಾ ಅದೇ ಹೊತ್ತಿಗೆ ಬಂದು ನಿಲ್ಲುವ ಒಬ್ಬ ತರಬೇತುದಾರ. ಅದು ಇರುವ ಊರಲ್ಲಿ ಹುಡುಗಿಯರು ಆಡುತ್ತಾರೆ. ಇಲ್ಲದ ಊರಲ್ಲಿ ಆಟ ಎರಡು ತಿಂಗಳಿಗೆ ನಿಲ್ಲುತ್ತದೆ.

ಕಪ್ ಯಾರು ಕೊಡುತ್ತಾರೆ?

ಅಂಗಡಿಯವರಿಗೂ ಇದರಲ್ಲಿ ಪಾತ್ರ ಇದೆ, ಅದು ಸಣ್ಣದಲ್ಲ. ದಸರಾ, ಸಂಕ್ರಾಂತಿ, ರಾಜ್ಯೋತ್ಸವ ಬಂದರೆ ಟೆನಿಸ್ ಬಾಲ್ ಟೂರ್ನಮೆಂಟ್‌ನ ರಸೀದಿ ಪುಸ್ತಕ ಹಿಡಿದು ಹುಡುಗರು ಬರುತ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಟ್ರೋಫಿ, ಬಟ್ಟೆ ಅಂಗಡಿಯವರು ಟೀ ಶರ್ಟ್, ಹೋಟೆಲಿನವರು ಊಟ, ಒಬ್ಬ ಮುಖಂಡರು ಮೊದಲ ಬಹುಮಾನ. ಮೂರು ದಿನ ಮೈದಾನ ಪೂರ್ತಿ ಬುಕ್. ಬ್ಯಾನರ್‌ನಲ್ಲಿ ಕೊಟ್ಟವರ ಫೋಟೋ.

ಇದರಲ್ಲಿ ತಪ್ಪೇನಿಲ್ಲ. ಆದರೆ ಊರಿನ ದುಡ್ಡು ಯಾವ ಆಟಕ್ಕೆ ಹೋಗುತ್ತದೋ ಮೈದಾನವೂ ಅದೇ ಆಟಕ್ಕೆ ಹೋಗುತ್ತದೆ. ಪಿಚ್ ರೋಲ್ ಮಾಡಿಸುವುದು, ಹುಲ್ಲು ತೆಗೆಸುವುದು, ಲೈಟ್ ಹಾಕಿಸುವುದು ಎಲ್ಲ ಟೂರ್ನಮೆಂಟ್ ದುಡ್ಡಲ್ಲಿ. ಹಾಗೆ ಮಾಡಿದವರಿಗೆ ಮೈದಾನ ತಮ್ಮದು ಅನ್ನಿಸುವುದೂ ಸಹಜ. ಹೆಣ್ಣುಮಕ್ಕಳ ಹೆಸರಿನಲ್ಲಿ ಹೋಗುವ ದುಡ್ಡು ಮಹಿಳಾ ದಿನಾಚರಣೆಯ ಮ್ಯೂಸಿಕಲ್ ಚೇರ್, ಲೆಮನ್ ಸ್ಪೂನ್‌ಗೆ ಮುಗಿಯುತ್ತದೆ. ಅದರಿಂದ ಮೈದಾನದಲ್ಲಿ ಒಂದು ಗೆರೆಯೂ ಉಳಿಯುವುದಿಲ್ಲ.

ಹುಡುಗರ ಮಾತಿನಲ್ಲೂ ಸತ್ಯ ಇದೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಮಾತೂ ಕೇಳಬೇಕು. ಹುಡುಗರಿಗೂ ಜಾಗ ಹೆಚ್ಚೇನಿಲ್ಲ. ಮೊದಲು ಆಡುತ್ತಿದ್ದ ಖಾಲಿ ಸೈಟು, ಗೋಮಾಳ, ಕೆರೆ ಅಂಗಳ ಒಂದೊಂದಾಗಿ ಬೇಲಿ ಕಂಡಿವೆ. ಬಡಾವಣೆ ನಕ್ಷೆಯಲ್ಲಿ ಪಾರ್ಕು ಅಂತ ಬಿಟ್ಟ ಜಾಗ ಮುಳ್ಳುಗಿಡ ಬೆಳೆದು ಬಿದ್ದಿದೆ, ಇಲ್ಲವೇ ಬೇರೆ ಕಟ್ಟಡ ಎದ್ದಿದೆ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಕಾಯ್ದೆ ಇದ್ದೂ ಮೈದಾನ ಕಡಿಮೆಯಾದಾಗ ಉಳಿದ ಒಂದೇ ಮೈದಾನಕ್ಕೆ ಎಲ್ಲ ಓಣಿಯ ಹುಡುಗರೂ ಬರುತ್ತಾರೆ. ಗ್ಯಾರೇಜಿನಲ್ಲಿ ಆರು ದಿನ ದುಡಿದು ಭಾನುವಾರ ಒಂದು ಮ್ಯಾಚ್ ಆಡುವ ಹುಡುಗನಿಗೆ "ಜಾಗ ಬಿಡು" ಅಂದರೆ ಸಿಟ್ಟು ಬರದೇ ಇರುತ್ತದೆಯೇ?

ಇನ್ನೂ ಒಂದು. ಜಾಗ ಇಕ್ಕಟ್ಟಾದಾಗ ಹೊರಗೆ ಬೀಳುವವರು ಹುಡುಗಿಯರು ಮಾತ್ರ ಅಲ್ಲ. ಸಣ್ಣ ಮಕ್ಕಳು, ಬ್ಯಾಟ್ ಕೊಳ್ಳಲಾಗದ ಹುಡುಗರು, ಚೆನ್ನಾಗಿ ಆಡಲು ಬಾರದವರು ಎಲ್ಲರೂ ಅಂಚಿಗೆ ಸರಿಯುತ್ತಾರೆ. ಹುಡುಗಿಯರ ವ್ಯತ್ಯಾಸ ಏನಂದರೆ ಅವರು ಅಂಚಿನಲ್ಲೂ ನಿಲ್ಲುವುದಿಲ್ಲ, ಮನೆಗೆ ಹೋಗುತ್ತಾರೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಸರಿಗೆ ಮಾಡಿದರೆ ಕೆಡುತ್ತದೆ

ಪರಿಹಾರ ಅಂತ ಸಾಮಾನ್ಯವಾಗಿ ಕೇಳಿಬರುವ ಕೆಲವು ಉಪಾಯಗಳು ಯಾಕೆ ನಿಲ್ಲುವುದಿಲ್ಲ ಅಂತ ಮೊದಲೇ ಹೇಳಿಬಿಡಬಹುದು.

"ಬೆಳಿಗ್ಗೆ ಆರರಿಂದ ಏಳು ಹುಡುಗಿಯರಿಗೆ" ಅಂದರೆ, ಆ ಹೊತ್ತಿಗೆ ಮನೆಯಲ್ಲಿ ನೀರು, ಕಸ, ತಿಂಡಿ. ಬರುವುದು ಕೆಲಸದವರು ಇರುವ ನಾಲ್ಕು ಮನೆಯ ಮಕ್ಕಳು ಮಾತ್ರ. ಊರಾಚೆ ಬೇರೆ ಮೈದಾನ ಕೊಟ್ಟರೆ, ಅಷ್ಟು ದೂರ ಯಾರೂ ಕಳಿಸುವುದಿಲ್ಲ. ಪಾರ್ಕಿನಲ್ಲಿ ಓಪನ್ ಜಿಮ್ ಹಾಕಿದರೆ, ಅದು ಸಂಜೆ ಕೂತು ಮೊಬೈಲ್ ನೋಡುವ ಕುರ್ಚಿಯಾಗುತ್ತದೆ. ಸಿಮೆಂಟ್ ಅಂಕಣ ಕಟ್ಟಿ ತರಬೇತಿಗೆ ಯಾರನ್ನೂ ಇಡದಿದ್ದರೆ, ಮೂರು ತಿಂಗಳಲ್ಲಿ ಅದು ರಾಗಿ ಒಣಗಿಸುವ ಕಣವೋ ಬೈಕ್ ಸ್ಟ್ಯಾಂಡೋ ಆಗಿರುತ್ತದೆ. ಬೇಲಿ ಹಾಕಿ ಬೀಗ ಹಾಕಿದರೆ, ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕುವುದರಲ್ಲೇ ಸಂಜೆ ಆಗುತ್ತದೆ.

ನಿಲ್ಲಬಹುದಾದ ಉಪಾಯ ಸಣ್ಣದು. ನಾಲ್ಕು ಎಕರೆ, ಅಂದರೆ 160 ಗುಂಟೆ ಮೈದಾನ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 20 ಗುಂಟೆ, ಎಂಟನೇ ಒಂದು ಭಾಗ, ಪ್ರತ್ಯೇಕ ಗುರುತು ಮಾಡಿದರೆ ಒಂದು ಖೋ-ಖೋ, ಎರಡು ಥ್ರೋಬಾಲ್, ಎರಡು ಕಬಡ್ಡಿ ಅಂಕಣ ಸುತ್ತ ಓಡಾಡುವ ಜಾಗದ ಜೊತೆ ಹಿಡಿಯುತ್ತವೆ. ಉಳಿದ 140 ಗುಂಟೆಯಲ್ಲಿ ಕ್ರಿಕೆಟ್ ಮುಂದುವರಿಯಲಿ. ಯಾವ ಎಂಟನೇ ಒಂದು ಭಾಗ ಅನ್ನೋದು ಮುಖ್ಯ. ಬಾಟಲಿ ಬೀಳುವ ಹಿಂದಿನ ಮೂಲೆ ಬೇಡ. ರಸ್ತೆ ಮತ್ತು ಅಂಗಡಿಗಳ ಕಡೆಗೆ ಕಾಣುವ ಅಂಚು ಬೇಕು, ಸಾಧ್ಯವಾದರೆ ಆ ಕಡೆಗೇ ಇನ್ನೊಂದು ಗೇಟು. ಸಂಜೆ ಆಟದಲ್ಲಿ ಬೌಲಿಂಗ್ ಬಹುತೇಕ ಒಂದೇ ಕಡೆಯಿಂದ ನಡೆಯುತ್ತದೆ. ಆದ್ದರಿಂದ ಬ್ಯಾಟ್ಸ್‌ಮನ್ ಬೆನ್ನ ಹಿಂದೆ ಅಂಕಣ ಬರುವಂತೆ ಪಿಚ್ ತಿರುಗಿಸಿದರೆ ಹೊಡೆದ ಚೆಂಡು ಆ ಕಡೆ ಬರುವುದು ಬಹಳ ಕಡಿಮೆ. ಅಂಚಿಗೆ ಒಂದು ಬಲೆ ಕಟ್ಟಿದರೆ ಅದೂ ನಿಲ್ಲುತ್ತದೆ.

ಸಮಯ ವಾರಕ್ಕೆ ನಾಲ್ಕು ದಿನ, ಶಾಲೆ ಬಿಟ್ಟ ತಕ್ಷಣ. ಮನೆಗೆ ಹೋಗಿ ಬರುವುದಕ್ಕಿಂತ ಶಾಲೆಯಿಂದ ನೇರವಾಗಿ ಬಂದರೆ ಮುಕ್ಕಾಲು ಗಂಟೆ ಉಳಿಯುತ್ತದೆ, ಗುಂಪಾಗಿಯೂ ಬರಬಹುದು. ಶೌಚಾಲಯದ ಕೀಲಿ ಮತ್ತು ಆಟದ ಸಾಮಾನು ಒಬ್ಬರ ಕೈಯಲ್ಲಿ ಇರಬೇಕು. ಆ ಒಬ್ಬರಿಗೆ ತಿಂಗಳಿಗೆ ಗೌರವಧನ ಬೇಕು, ಪುಕ್ಕಟೆ ಸೇವೆ ಅಂದರೆ ಎರಡನೇ ತಿಂಗಳಿಗೆ ನಿಲ್ಲುತ್ತದೆ. ಹಿಂದೆ ರಾಜ್ಯ ಮಟ್ಟದಲ್ಲಿ ಆಡಿ ಮದುವೆಯಾಗಿ ಅದೇ ಊರಲ್ಲಿರುವ ಹೆಣ್ಣುಮಗಳು ಸಿಕ್ಕರೆ ಇನ್ನೂ ಒಳ್ಳೆಯದು.

ಯಾರನ್ನು ಕೇಳಬೇಕು ಅನ್ನೋದಕ್ಕೆ ಮೊದಲು ಮೈದಾನ ಯಾರ ಹೆಸರಲ್ಲಿದೆ ನೋಡಬೇಕು. ಜೂನಿಯರ್ ಕಾಲೇಜಿನದ್ದಾದರೆ ಪ್ರಾಂಶುಪಾಲರು ಮತ್ತು ಕಾಲೇಜು ಅಭಿವೃದ್ಧಿ ಸಮಿತಿ. ತಾಲ್ಲೂಕು ಕ್ರೀಡಾಂಗಣ ಆದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಬಡಾವಣೆಯ ಪಾರ್ಕಾದರೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳು ನರೇಗಾದಲ್ಲಿ ಸರ್ಕಾರಿ ಶಾಲೆಗಳಿಗೆ ಅಂಕಣಗಳನ್ನು ಮಾಡಿಕೊಟ್ಟ ಉದಾಹರಣೆಗಳು ರಾಜ್ಯದಲ್ಲಿವೆ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದು ನಿಂತು ಇದನ್ನು ಕೇಳಬಹುದು. ಅಲ್ಲಿ ಕೇಳಿದ್ದು ನಡವಳಿ ಪುಸ್ತಕಕ್ಕೆ ಬಂದರೆ ಪಂಚಾಯಿತಿ ಉತ್ತರ ಕೊಡಬೇಕಾಗುತ್ತದೆ.

ಎಣಿಸಿ ನೋಡುವುದು ಹೇಗೆ

ಬದಲಾವಣೆ ಆಯಿತೋ ಇಲ್ಲವೋ ಅಂತ ಭಾಷಣದಿಂದ ಗೊತ್ತಾಗುವುದಿಲ್ಲ, ಎಣಿಸಬೇಕು. ಮೈದಾನದ ಎದುರಿನ ಯಾವ ಅಂಗಡಿಯವರೂ ಇದನ್ನು ಮಾಡಬಹುದು. ಒಂದು ವಾರ ಸಂಜೆ ಐದೂವರೆಗೆ ಐದು ನಿಮಿಷ. ಆಡುತ್ತಿರುವ ಹುಡುಗರೆಷ್ಟು, ಹುಡುಗಿಯರೆಷ್ಟು. ನಿಂತು ನೋಡುವವರು, ನಡೆದು ಹೋಗುವವರು ಬೇರೆ ಲೆಕ್ಕ. ಇವನ್ನು ಸೇರಿಸಿಬಿಟ್ಟರೆ ವಾಕಿಂಗ್ ಹೆಂಗಸರನ್ನೂ ತೋರಿಸಿ "ಮಹಿಳೆಯರು ಬಳಸ್ತಿದ್ದಾರೆ" ಅಂತ ವರದಿ ಬರೆಯಬಹುದು. ಕ್ರೀಡಾಕೂಟದ ತಿಂಗಳು ಎಣಿಸಬಾರದು, ಆಗ ಎಲ್ಲ ಕಡೆ ಹುಡುಗಿಯರು ಇರುತ್ತಾರೆ. ಕೂಟ ಮುಗಿದು ಎರಡು ತಿಂಗಳಾದ ಮೇಲೆ ಎಣಿಸಿದರೆ ನಿಜ ಗೊತ್ತಾಗುತ್ತದೆ. ಹದಿಮೂರು ದಾಟಿದ ಹುಡುಗಿಯರು ಎಷ್ಟು ಅನ್ನುವುದನ್ನು ಬೇರೆ ಬರೆದಿಟ್ಟುಕೊಳ್ಳಬೇಕು, ಆಟ ಬಿಡುವ ವಯಸ್ಸು ಅದೇ.

ಇದೆಲ್ಲ ಮಾಡಿದರೂ ಸುಣ್ಣದ ಗೆರೆ ಅಡುಗೆಮನೆಯ ಕೆಲಸವನ್ನು ಹಂಚುವುದಿಲ್ಲ. ತಮ್ಮ ಐದಕ್ಕೆ ಹೊರಟು ಅಕ್ಕ ಐದೂವರೆಗೆ ಹೊರಡುವ ಮನೆಯಲ್ಲಿ ಆ ಅರ್ಧ ಗಂಟೆಯನ್ನು ಪುರಸಭೆ ತಂದುಕೊಡಲಾರದು. ಅದನ್ನು ಆ ಮನೆಯವರೇ ಮಾಡಬೇಕು.

ಅಂಗಡಿ ಸಾಲಿನವರ ಕೈಯಲ್ಲಿರುವ ಕೆಲಸ ಮಾತ್ರ ಮುಂದಿನ ಹಬ್ಬಕ್ಕೇ ಬರುತ್ತದೆ. ರಸೀದಿ ಪುಸ್ತಕ ಹಿಡಿದು ಬರುವ ಹುಡುಗರಿಗೆ ಇಲ್ಲ ಅನ್ನಬೇಕಿಲ್ಲ. "ನಮ್ಮ ದುಡ್ಡಲ್ಲಿ ಕಾಲು ಭಾಗ ಅಂಚಿನ ಬಲೆಗೆ, ಎರಡು ಖೋ-ಖೋ ಕಂಬಕ್ಕೆ. ಅದನ್ನ ನೆಟ್ಟು ತೋರಿಸಿ, ಆಮೇಲೆ ಟ್ರೋಫಿ ಒಯ್ಯಿರಿ" ಅಂತ ಹೇಳಿದರೆ ಹುಡುಗರೂ ಒಪ್ಪುತ್ತಾರೆ. ಕಂಬ ನೆಡಲು ಅವರಿಗೆ ಅರ್ಧ ದಿನ ಸಾಕು.